ಅನುಭವ ಇದ್ದವರಿಗೆ ಲ್ಯಾಬ್ ಬೇಡ ಎನ್ನುವವರ ಮಾತು ನಂಬಬೇಡಿ

ಸರ್ವರ್, ನೆಟ್‌ವರ್ಕ್, ಫೈರ್‌ವಾಲ್ ಕೆಲಸದಲ್ಲಿ ಏಳೆಂಟು ವರ್ಷ ಕಳೆದು ಪೆನ್‌ಟೆಸ್ಟಿಂಗ್ ಕಡೆ, ಅಂದರೆ ಅನುಮತಿ ಪಡೆದು ದಾಳಿಕೋರರ ಹಾಗೆ ಒಳನುಗ್ಗಿ ದೋಷ ಹುಡುಕುವ ಕೆಲಸಕ್ಕೆ, ಹೋಗಬೇಕು ಎಂದುಕೊಂಡಿದ್ದೀರಾ? ಹಾಗಾದರೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ನಮ್ಮ ತಂಡದಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ನಮ್ಮ ಕಂಪನಿ ಒಳಗೇ ಒಂದು ಪೆನ್‌ಟೆಸ್ಟ್ ತಂಡ ಕಟ್ಟಲು ಹೊರಟಿತ್ತು. ಅದನ್ನು ನಡೆಸಲು ನನ್ನ ಸಹೋದ್ಯೋಗಿಯೊಬ್ಬರನ್ನು ಆರಿಸಿದರು. ಫೈರ್‌ವಾಲ್ ಕೆಲಸದಲ್ಲಿ ತುಂಬಾ ಪಳಗಿದವರು. ಅವರು ಕೇಳಿದ್ದು ಓಎಸ್‌ಸಿಪಿ ತರಬೇತಿ, ಅಂದರೆ ಲ್ಯಾಬ್‌ನಲ್ಲಿ ಯಂತ್ರಗಳ ಒಳಗೆ ನುಗ್ಗಿ ತೋರಿಸಬೇಕಾದ ಪೆನ್‌ಟೆಸ್ಟ್ ಪರೀಕ್ಷೆಯದು. ಆದರೆ ತರಬೇತಿ ಸಂಸ್ಥೆಯ ಸಲಹೆಗಾರರು ನಮ್ಮ ಮ್ಯಾನೇಜ್‌ಮೆಂಟ್‌ಗೆ ಬೇರೆಯೇ ಕಥೆ ಹೇಳಿದರು. 'ಲ್ಯಾಬ್ ಪರೀಕ್ಷೆ ಹೊಸಬರಿಗೆ. ಇಷ್ಟು ಅನುಭವ ಇರುವವರು ಸಿಐಎಸ್‌ಎಸ್‌ಪಿ ಎಂಬ ಭದ್ರತಾ ಸರ್ಟಿಫಿಕೇಟ್ ಮಾಡಿದರೆ ಸಾಕು, ಅದರಲ್ಲಿ ಟೆಸ್ಟಿಂಗ್ ಕೂಡ ಬರುತ್ತದೆ' ಅಂದರು.

ಈ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅಪಾಯ. ಸಿಐಎಸ್‌ಎಸ್‌ಪಿಯ ಎಂಟು ವಿಭಾಗಗಳಲ್ಲಿ ಒಂದು ನಿಜವಾಗಿಯೂ ಭದ್ರತಾ ಮೌಲ್ಯಮಾಪನ ಮತ್ತು ಟೆಸ್ಟಿಂಗ್ ಬಗ್ಗೆಯೇ ಇದೆ. ಆದರೆ ಅಲ್ಲಿ ಕೇಳುವುದು ಎಂಥದ್ದು? ಟೆಸ್ಟ್ ನಡುವೆ ದೊಡ್ಡ ದೋಷ ಸಿಕ್ಕಿತು, ಮೊದಲು ಯಾರಿಗೆ ತಿಳಿಸಬೇಕು? ಯಾವ ಬಗೆಯ ಟೆಸ್ಟ್ ಯಾವ ಸಂದರ್ಭಕ್ಕೆ ಸರಿ? ಅಂದರೆ ಟೆಸ್ಟ್ ಮಾಡಿಸುವವರು ತಿಳಿದಿರಬೇಕಾದ ವಿಷಯ. ಮೂರು ಗಂಟೆ, 100ರಿಂದ 150 ಪ್ರಶ್ನೆ, ಒಮ್ಮೆ ಉತ್ತರಿಸಿದ ಪ್ರಶ್ನೆಗೆ ವಾಪಸ್ ಹೋಗುವಂತಿಲ್ಲ. ಸುಲಭದ ಪರೀಕ್ಷೆ ಅಲ್ಲವೇ ಅಲ್ಲ. ಆದರೆ ಒಂದು ಯಂತ್ರದ ಒಳಗೂ ನೀವು ನುಗ್ಗಬೇಕಾಗಿಲ್ಲ.

ಅವರು ಚೆನ್ನಾಗಿ ಓದಿ ಪಾಸಾದರು. ಅದಾದ ಮೇಲೆ ಕಂಪನಿ ಮೊದಲ ಒಳಗಿನ ಟೆಸ್ಟ್ ಅವರ ಕೈಗೆ ಕೊಟ್ಟಿತು. ಕಲಿಸಿದ್ದು ಯೋಜನೆ, ವ್ಯಾಪ್ತಿ, ಅನುಮತಿ ಪತ್ರ, ವರದಿಯ ರೂಪ. ಅದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದರು. ನಿಜವಾದ ಹುಡುಕಾಟಕ್ಕೆ ಮಾತ್ರ ಕೈಯಲ್ಲಿ ಇದ್ದದ್ದು ಒಂದು ಸ್ಕ್ಯಾನರ್. ಹಳೆಯ ಟಿಎಲ್‌ಎಸ್, ಹಾಕದ ಕೆಲವು ಪ್ಯಾಚ್, ಇಂಥವು ಸಿಕ್ಕವು. ಎಲ್ಲ ಸರಿಪಡಿಸಿದೆವು. ಗಂಭೀರ ದೋಷ ಇಲ್ಲ ಎಂದು ವರದಿ ಹೋಯಿತು, ಎಲ್ಲರೂ ನೆಮ್ಮದಿಯಾಗಿದ್ದರು.

ಮುಂದೆ ಒಬ್ಬ ಗ್ರಾಹಕರ ಒತ್ತಾಯಕ್ಕೆ ಹೊರಗಿನ ಟೆಸ್ಟರ್ ಬಂದರು. ಅವರು ಕೇಳಿದ್ದು ಒಬ್ಬ ಸಾಮಾನ್ಯ ಉದ್ಯೋಗಿಯ ಲಾಗಿನ್ ಮಾತ್ರ. ಅದರಿಂದಲೇ ಇಡೀ ಡೊಮೇನ್ ಅವರ ಕೈ ಸೇರಿತು.

ಆದದ್ದು ಇಷ್ಟು. ಆಕ್ಟಿವ್ ಡೈರೆಕ್ಟರಿಯಲ್ಲಿ ಲಾಗಿನ್ ಇರುವ ಯಾರು ಬೇಕಾದರೂ ಒಂದು ಸರ್ವಿಸ್‌ಗೆ ಕರ್ಬೆರೋಸ್ ಟಿಕೆಟ್ ಕೇಳಬಹುದು. ಅದು ದೋಷವಲ್ಲ, ವ್ಯವಸ್ಥೆ ಇರುವುದೇ ಹಾಗೆ. ಟಿಕೆಟ್‌ನ ಒಂದು ಭಾಗ ಆ ಸರ್ವಿಸ್ ಅಕೌಂಟ್‌ನ ಪಾಸ್‌ವರ್ಡ್‌ನಿಂದ ಬಂದ ಕೀಲಿಯಲ್ಲಿ ಎನ್‌ಕ್ರಿಪ್ಟ್ ಆಗಿರುತ್ತದೆ. ಟಿಕೆಟ್ ಅನ್ನು ತಮ್ಮ ಲ್ಯಾಪ್‌ಟಾಪ್‌ಗೆ ತಂದುಕೊಂಡು, ಒಂದೊಂದೇ ಪಾಸ್‌ವರ್ಡ್ ಊಹಿಸಿ ನೋಡುತ್ತಾ ಹೋಗಬಹುದು. ಸರ್ವರ್‌ಗೆ ಈ ಊಹೆಗಳು ಗೊತ್ತೇ ಆಗುವುದಿಲ್ಲ, ಹಾಗಾಗಿ ಅಕೌಂಟ್ ಲಾಕ್ ಆಗುವ ಪ್ರಶ್ನೆಯೇ ಇಲ್ಲ. ಇದಕ್ಕೆ ಕರ್ಬೆರೋಸ್ಟಿಂಗ್ ಅನ್ನುತ್ತಾರೆ. ನಮ್ಮಲ್ಲಿ ಡೇಟಾಬೇಸ್‌ನ ಒಂದು ಹಳೆಯ ಸರ್ವಿಸ್ ಅಕೌಂಟ್‌ಗೆ ಕಂಪನಿಯ ಹೆಸರು ಮತ್ತು ಇಸವಿ ಸೇರಿಸಿದ ಪಾಸ್‌ವರ್ಡ್ ಇತ್ತು. ಸಾಲದ್ದಕ್ಕೆ ಯಾರೋ ಯಾವತ್ತೋ ಅದನ್ನು ಡೊಮೇನ್ ಅಡ್ಮಿನ್ ಗುಂಪಿಗೂ ಸೇರಿಸಿ ಬಿಟ್ಟಿದ್ದರು.

ನಮ್ಮ ಸ್ಕ್ಯಾನ್‌ಗೆ ಇದು ಏಕೆ ಕಾಣಲಿಲ್ಲ? ಅದು ಹುಡುಕುತ್ತಿದ್ದದ್ದು ಹಳೆಯ ಆವೃತ್ತಿ, ಬಿಟ್ಟುಹೋದ ಪ್ಯಾಚ್, ತಪ್ಪು ಸೆಟ್ಟಿಂಗ್. ಇಲ್ಲಿ ಎಲ್ಲ ಸರ್ವರ್‌ಗಳೂ ಪೂರ್ತಿ ಅಪ್‌ಡೇಟ್ ಆಗಿದ್ದವು. ದುರ್ಬಲವಾಗಿದ್ದದ್ದು ಒಂದು ಪಾಸ್‌ವರ್ಡ್ ಮತ್ತು ಅದಕ್ಕೆ ಕೊಟ್ಟ ಅಧಿಕಾರ. ಈ ಎರಡನ್ನೂ ಜೋಡಿಸಿ ನೋಡಲು ದಾರಿ ಹುಡುಕಿ ಅಭ್ಯಾಸ ಇರುವ ಮನುಷ್ಯ ಬೇಕಿತ್ತು. ನನ್ನ ಸಹೋದ್ಯೋಗಿಗೆ ಕರ್ಬೆರೋಸ್ ಗೊತ್ತಿರಲಿಲ್ಲ ಅಂತಲ್ಲ. ಟಿಕೆಟ್ ಯಾರು ಕೊಡುತ್ತಾರೆ, ಯಾರು ಪರಿಶೀಲಿಸುತ್ತಾರೆ ಎಂದು ಕೇಳಿದರೆ ಚಿತ್ರ ಬರೆದು ತೋರಿಸುತ್ತಿದ್ದರು. ಅದನ್ನು ಮುರಿದು ನೋಡುವ ಅವಕಾಶ ಮಾತ್ರ ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಈಗ ಓಎಸ್‌ಸಿಪಿ ಪರೀಕ್ಷೆ ನೋಡಿ. 23 ಗಂಟೆ 45 ನಿಮಿಷ ಕೂರಬೇಕು, ಕ್ಯಾಮೆರಾದಲ್ಲಿ ಒಬ್ಬರು ನೋಡುತ್ತಿರುತ್ತಾರೆ. ಬಿಡಿ ಯಂತ್ರಗಳು ಮೂರು, ತಲಾ 20 ಅಂಕ. ಮಿಕ್ಕ 40 ಅಂಕ ಒಂದು ಆಕ್ಟಿವ್ ಡೈರೆಕ್ಟರಿ ಜಾಲಕ್ಕೆ. ಪಾಸಾಗಲು 70 ಬೇಕು. 2024ರ ನವೆಂಬರ್‌ನಿಂದ ಆ ಜಾಲಕ್ಕೆ ನಿಮಗೆ ಮೊದಲೇ ಒಬ್ಬ ಸಾಮಾನ್ಯ ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಡುತ್ತಾರೆ. ಹೊರಗಿನ ಟೆಸ್ಟರ್ ನಮ್ಮಲ್ಲಿ ಕೇಳಿದ್ದೂ ಅದನ್ನೇ ಅಲ್ವಾ? ಯಂತ್ರಗಳ ಕೆಲಸ ಮುಗಿದ ಮೇಲೆ ಇನ್ನೂ 24 ಗಂಟೆಯೊಳಗೆ ವರದಿ ಕೊಡಬೇಕು. ಇನ್ನೊಬ್ಬರು ಓದಿ ಅದೇ ದಾರಿಯಲ್ಲಿ ಮತ್ತೆ ಮಾಡುವಷ್ಟು ವಿವರ ಅದರಲ್ಲಿ ಇರಬೇಕು. ಇಲ್ಲದಿದ್ದರೆ ಯಂತ್ರ ಗೆದ್ದಿದ್ದರೂ ಅಂಕ ಹೋಗಬಹುದು. ಇದನ್ನು ಹೊಸಬರ ಪರೀಕ್ಷೆ ಎಂದು ಹೇಳಿ ಮಾರುವುದು ಮೋಸ, ಬೇರೆ ಮಾತಿಲ್ಲ.

ಹಾಗಂತ ಲ್ಯಾಬ್ ಪರೀಕ್ಷೆ ಪಾಸಾದರೆ ಎಲ್ಲ ಬಂತು ಅಂತಲೂ ಅಲ್ಲ. ಅಲ್ಲಿ ಯಂತ್ರ ಕೆಟ್ಟರೆ ರೀಸೆಟ್ ಮಾಡಬಹುದು, ನಡೆಯುತ್ತಿರುವ ವ್ಯವಹಾರ ನಿಲ್ಲುವ ಭಯ ಇಲ್ಲ. ಯಾವ ಅಪಾಯವನ್ನು ಒಪ್ಪಿಕೊಳ್ಳಬೇಕು, ಯಾವುದಕ್ಕೆ ಬಜೆಟ್ ಕೇಳಬೇಕು ಎನ್ನುವುದು ಅಲ್ಲಿ ಬರುವುದೇ ಇಲ್ಲ. ನಿಮ್ಮ ಮುಂದಿನ ಹುದ್ದೆ ತಂಡ, ನೀತಿ, ಆಡಿಟ್ ನೋಡಿಕೊಳ್ಳುವುದಾದರೆ ಸಿಐಎಸ್‌ಎಸ್‌ಪಿ ಅಥವಾ ಭದ್ರತಾ ನಿರ್ವಹಣೆಯ ಸರ್ಟಿಫಿಕೇಟ್ ಆದ ಸಿಐಎಸ್‌ಎಂ ಸರಿಯಾದ ಆಯ್ಕೆಯೇ.

ಆದರೆ ಸಿಐಎಸ್‌ಎಂನಲ್ಲೂ ಒಂದು ಬಲೆ ಇದೆ. ಅದೇ ಸಂಸ್ಥೆ ನಮ್ಮ ಇನ್ನೊಬ್ಬ ಸಹೋದ್ಯೋಗಿಗೆ ಅದನ್ನು ಮಾರಿತು. ಅವರದು ಪೂರ್ತಿ ಸರ್ವರ್ ಕೆಲಸ. ಪರೀಕ್ಷೆ ಪಾಸಾದ ಮೇಲೆ ಗೊತ್ತಾಯಿತು, ಪಾಸಾದ ಮಾತ್ರಕ್ಕೆ ಸರ್ಟಿಫಿಕೇಟ್ ಬರುವುದಿಲ್ಲ. ಮಾಹಿತಿ ಭದ್ರತೆಯನ್ನು ನಿರ್ವಹಿಸಿದ 5 ವರ್ಷದ ಅನುಭವವನ್ನು ಅರ್ಜಿಯಲ್ಲಿ ತೋರಿಸಬೇಕು, ಅದನ್ನು ಇನ್ನೊಬ್ಬರು ದೃಢಪಡಿಸಬೇಕು. ವಿನಾಯಿತಿ ಸಿಕ್ಕರೂ ಹೆಚ್ಚೆಂದರೆ 2 ವರ್ಷ. ಪಾಸಾದ 5 ವರ್ಷದೊಳಗೆ ಅರ್ಜಿ ಹಾಕದಿದ್ದರೆ ಪರೀಕ್ಷೆಯೂ ವ್ಯರ್ಥ. ಸರ್ವರ್ ನೋಡಿಕೊಂಡ ವರ್ಷಗಳು ನಿರ್ವಹಣೆಯ ವರ್ಷಗಳಾಗಿ ಲೆಕ್ಕಕ್ಕೆ ಬರಲಿಲ್ಲ. ಸಿಐಎಸ್‌ಎಸ್‌ಪಿಗೂ 5 ವರ್ಷ ಬೇಕು, ಆದರೆ ಅದು ಎಂಟು ವಿಭಾಗಗಳಲ್ಲಿ ಯಾವುದಾದರೂ ಎರಡರಲ್ಲಿ ಇದ್ದರೆ ಸಾಕು. ಫೈರ್‌ವಾಲ್ ಕೆಲಸ ಅಲ್ಲಿ ಸಲ್ಲುತ್ತದೆ. ಈ ವ್ಯತ್ಯಾಸವನ್ನು ಸಂಸ್ಥೆ ಹೇಳಲೇ ಇಲ್ಲ. ಹಣ ವಾಪಸ್ ಕೇಳಿದರೆ, ಪರೀಕ್ಷೆ ಪಾಸು ಮಾಡಿಸುವುದಷ್ಟೇ ನಮ್ಮ ಹೊಣೆ ಅಂದರು.

ನಿಮ್ಮ ಹತ್ತಿರ ಇಂಥವರು ಬಂದರೆ ಎರಡು ಪ್ರಶ್ನೆ ಕೇಳಿ, ಉತ್ತರ ಮೇಲ್‌ನಲ್ಲೇ ಬೇಕು ಅನ್ನಿ. ಪರೀಕ್ಷೆ ಮುಗಿದಾಗ ನಾನು ಕೊಟ್ಟು ಬರುವುದು ಆರಿಸಿದ ಉತ್ತರಗಳನ್ನೋ, ಒಳನುಗ್ಗಿದ ದಾರಿಯ ವರದಿಯನ್ನೋ? ನನ್ನ ರೆಸ್ಯೂಮೆಯ ಯಾವ ಯಾವ ವರ್ಷಗಳು ಅನುಭವದ ಲೆಕ್ಕಕ್ಕೆ ಬರುತ್ತವೆ, ಎಷ್ಟು ಕಡಿಮೆ ಬೀಳುತ್ತದೆ? ಮೇಲ್ ಬರುವ ತನಕ ಸೀಟು ಕಾದಿರಿಸಲೂ ದುಡ್ಡು ಕೊಡಬೇಡಿ.