ಸ್ಪ್ಯಾನಿಷ್ ಹಾಡಿನ ಬೀದಿಮಾತು: ಆ್ಯಪ್, ನಿಘಂಟು, ಅಭಿಮಾನಿಗಳ ಟಿಪ್ಪಣಿ, ಊರಿನವರು. ಯಾರನ್ನು ಎಷ್ಟು ನಂಬಬೇಕು?

ಕ್ಲಾಸಿನಲ್ಲಿ ನಾವು ಕಲಿಯುವ ಸ್ಪ್ಯಾನಿಷ್ ಹೆಚ್ಚಾಗಿ ಸ್ಪೇನಿನದು. ಕೇಳೋ ಹಾಡು ಮಾತ್ರ ಪೋರ್ಟೊ ರಿಕೊದ ರೆಗೆಟಾನ್. ಎರಡರ ನಡುವೆ ಒಂದು ಸಮುದ್ರವೇ ಇದೆ. ಸಾಹಿತ್ಯ ಕಣ್ಮುಂದೆ ಇದ್ದರೂ ತಲೆಬುಡ ಅರ್ಥವಾಗುವುದಿಲ್ಲ. ಹಾಗಾಗಿ ನಾಲ್ಕು ದಾರಿಗಳನ್ನು ಒಂದೇ ಸಾಲಿನ ಮೇಲೆ ಪ್ರಯೋಗ ಮಾಡಿ ನೋಡಿದೆ. ಸಾಲು ಯಾವ ಹಾಡಿನದೂ ಅಲ್ಲ. ಆ ಹಾಡುಗಳಲ್ಲಿ ದಿನಾ ಕೇಳಿಬರುವ ಪದಗಳನ್ನು ಜೋಡಿಸಿ ನಾನೇ ಕಟ್ಟಿದ್ದು:

«ನೋ ರೊಂಕೆಸ್, ಕೆ ತೂ ನೋ ತಿಯೆನೆ' ನಾ'. ಅಕೀ ತೋ' ಎಲ್ ಕೊರಿಯೊ ಎಸ್ತಾ ಆಕ್ತಿವಾವ್.»

ಮೊದಲು ಅನುವಾದದ ಆ್ಯಪ್. ನಾನು ಬಳಸುವ ಆ್ಯಪ್ ಕೊಟ್ಟಿದ್ದರ ಸಾರ ಇಷ್ಟು: ಗೊರಕೆ ಹೊಡೆಯಬೇಡ, ನಿನ್ನ ಬಳಿ ಏನೂ ಇಲ್ಲ, ಇಲ್ಲಿ ಪುಟ್ಟ ಗಾಯನವೃಂದವೆಲ್ಲ ಸಕ್ರಿಯವಾಗಿದೆ. ನಗು ಬರುತ್ತೆ, ಆದರೆ ಆ್ಯಪ್ ಪೂರ್ತಿ ದಂಡ ಅಂತಲ್ಲ. ಯಾರು ಯಾರಿಗೆ ಹೇಳುತ್ತಿದ್ದಾರೆ, ಎಲ್ಲಿ 'ಬೇಡ' ಇದೆ, ಎಲ್ಲಿ 'ಇಲ್ಲ' ಇದೆ ಅನ್ನುವುದು ಸರಿಯಾಗಿಯೇ ಬಂದಿದೆ. ವಾಕ್ಯದ ಅಸ್ಥಿಪಂಜರಕ್ಕೆ ಆ್ಯಪ್ ಸಾಕು. ಗೊರಕೆಯಂಥ ತಪ್ಪು ತಾನಾಗಿಯೇ ಎದ್ದು ಕಾಣುವುದರಿಂದ ಅದರಿಂದ ಅಪಾಯವೂ ಕಡಿಮೆ.

ಅಪಾಯ ಇರುವುದು ನಯವಾಗಿ ಬರುವ ತಪ್ಪಿನಲ್ಲಿ. 'ಗ್ವಾಗ್ವಾ' ಪದವನ್ನೇ ನೋಡಿ. ಚಿಲಿಯಲ್ಲಿ ಅದು ಕೈಗೂಸು. ಪೋರ್ಟೊ ರಿಕೊ, ಕ್ಯೂಬಾ, ಕ್ಯಾನರಿ ದ್ವೀಪಗಳಲ್ಲಿ ಬಸ್ಸು. 'ಬಸ್ ತಪ್ಪಿಹೋಯ್ತು' ಅಂದವನನ್ನು 'ಮಗು ಕಳೆದುಹೋಯ್ತು' ಅಂದ ಹಾಗೆ ಮಾಡಬಹುದು. ಆ್ಯಪ್ 'ಬಸ್' ಅಂತ ಸರಿಯಾಗಿಯೇ ಕೊಟ್ಟರೂ ಕಥೆ ಮುಗಿಯಲಿಲ್ಲ. ಪೋರ್ಟೊ ರಿಕೊದಲ್ಲಿ ದೊಡ್ಡ ಎಸ್‌ಯುವಿ, ವ್ಯಾನುಗಳಿಗೂ ಗ್ವಾಗ್ವಾ ಅಂತಲೇ ಹೇಳುತ್ತಾರೆ. ರಾತ್ರಿ ಹುಡುಗಿಯನ್ನು ಪಾರ್ಟಿಗೆ ಕರೆದೊಯ್ಯಲು ಗ್ವಾಗ್ವಾ ತಂದೆ ಅಂತ ಹಾಡುವವನು ಸಿಟಿ ಬಸ್ಸಿನಲ್ಲಿ ಬಂದಿಲ್ಲ, ಅಲ್ವಾ? 'ಬಸ್' ಅಂತ ಓದಿದರೂ ವಾಕ್ಯ ಸುಸೂತ್ರವಾಗಿಯೇ ಇರುತ್ತೆ, ಅದಕ್ಕೇ ಅನುಮಾನವೇ ಬರುವುದಿಲ್ಲ.

ಎರಡನೆಯದು ನಿಘಂಟು. ಇಲ್ಲಿ ಎರಡನ್ನು ಬೇರೆ ಬೇರೆ ಇಟ್ಟು ನೋಡಬೇಕು. ಒಂದು ಸ್ಪೇನಿನ ರಾಯಲ್ ಅಕಾಡೆಮಿಯ ದೊಡ್ಡ ನಿಘಂಟು, dle.rae.es ನಲ್ಲಿ ಉಚಿತ. ಇನ್ನೊಂದು ಸ್ಪ್ಯಾನಿಷ್ ಭಾಷಾ ಅಕಾಡೆಮಿಗಳ ಒಕ್ಕೂಟ 2010ರಲ್ಲಿ ತಂದ 'ದಿಕ್ಸಿಯೊನಾರಿಯೊ ದೆ ಅಮೆರಿಕಾನಿಸ್ಮೋಸ್'. ಇದು ಅಮೆರಿಕ ಖಂಡದ ಸ್ಪ್ಯಾನಿಷ್ ಪದಗಳಿಗಂತಲೇ ಇರುವುದು. ಪ್ರತಿ ಅರ್ಥದ ಮುಂದೆ PR, Cu, Ch ಅಂತ ದೇಶದ ಗುರುತು ಇರುತ್ತದೆ.

ಆದರೆ ಹಾಡಿನ ಕಾಗುಣಿತವನ್ನು ಹಾಗೇ ಟೈಪ್ ಮಾಡಿದರೆ ಎರಡೂ ಕೈ ಎತ್ತಬಹುದು. ಕೆರಿಬಿಯನ್ ಉಚ್ಚಾರಣೆಯಲ್ಲಿ ಪದದ ಕೊನೆಯ 's' ಬಿದ್ದುಹೋಗುತ್ತದೆ, ಎರಡು ಸ್ವರಗಳ ನಡುವಿನ 'd' ಮಾಯವಾಗುತ್ತದೆ, 'r' ಎಷ್ಟೋ ಸಲ 'l' ಆಗುತ್ತದೆ. ಸಾಹಿತ್ಯ ಬರೆಯುವವರು ಆ ಉಚ್ಚಾರಣೆಯನ್ನೇ ಬರೆದುಬಿಡುತ್ತಾರೆ. ಹಾಗಾಗಿ ಮೊದಲು ಪದವನ್ನು ರಿಪೇರಿ ಮಾಡಬೇಕು. `activao` ಅನ್ನು `activado` ಮಾಡಿ, `to'` ಅನ್ನು `todo`, `na'` ಅನ್ನು `nada`, `tiene'` ಅನ್ನು `tienes`. ಕ್ರಿಯಾಪದವನ್ನು ಮೂಲ ರೂಪಕ್ಕೆ ತನ್ನಿ: `ronques` ಅಲ್ಲ, `roncar`. ಈ ಕೆಲಸಕ್ಕೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತೆ, ಆದರೆ ಅರ್ಧ ಗೊಂದಲ ಇಲ್ಲೇ ತೀರುತ್ತದೆ. ಎಷ್ಟೋ ಸಲ 'ಬೀದಿಮಾತು' ಅಂದುಕೊಂಡದ್ದು ಬರೀ ನುಂಗಿದ ಅಕ್ಷರ.

ಅಕಾಡೆಮಿಯ ನಿಘಂಟಿನ ಬಗ್ಗೆ ನನಗೆ ದೊಡ್ಡ ನಿರೀಕ್ಷೆ ಇರಲಿಲ್ಲ. ಸೂಟು ಬೂಟಿನ ಹಿರಿಯರು ಮಾಡಿದ್ದು, ಗಲ್ಲಿ ಭಾಷೆ ಅಲ್ಲೆಲ್ಲಿ ಸಿಗುತ್ತೆ ಅಂತ. ಆದರೆ `roncar` ಕೆಳಗೆ ಗೊರಕೆಯ ನಂತರ ಆಡುಮಾತಿನ ಇನ್ನೊಂದು ಅರ್ಥವೂ ಇದೆ: ಬೆದರಿಸುತ್ತಾ ಅಥವಾ ಗೇಲಿ ಮಾಡುತ್ತಾ ಜಂಬ ಕೊಚ್ಚುವುದು. ರೆಗೆಟಾನ್‌ನಲ್ಲಿ ಬರುವುದು ಇದೇ ಅರ್ಥ. ಹೊಸ ಪೀಳಿಗೆ ಹುಟ್ಟಿಸಿದ್ದು ಅಂದುಕೊಂಡ ಮಾತು ಸ್ಪೇನಿನ ಹಳೆಯ ಮಾತು. ಮೊದಲ ಅರ್ಥಕ್ಕೇ ನಿಲ್ಲದೆ ಕೆಳಗಿನವರೆಗೂ ಓದಬೇಕು, ಅಷ್ಟೇ.

'ಗ್ವಾಗ್ವಾ' ಥರದ, ದೇಶಕ್ಕೊಂದು ಅರ್ಥವಿರುವ ಪದಗಳಿಗೆ ಅಮೆರಿಕಾನಿಸ್ಮೋಸ್ ಸರಿಸಾಟಿ ಇಲ್ಲದ್ದು. 'ಬಿಚೊ' ಸ್ಪೇನಿನಲ್ಲಿ ಹುಳಹುಪ್ಪಟೆ, ಪೋರ್ಟೊ ರಿಕೊದಲ್ಲಿ ಗಂಡಸಿನ ಗುಪ್ತಾಂಗ. ಕ್ಲಾಸಿನಲ್ಲಿ ಕಲಿತದ್ದನ್ನು ನಂಬಿ ಅಲ್ಲಿ ಬಾಯಿಬಿಟ್ಟರೆ ಮುಜುಗರ. ಆದರೆ ಈ ನಿಘಂಟಿಗೂ ಮಿತಿ ಇದೆ. 2010ರ ನಂತರದ ಮಾತು ಇದರಲ್ಲಿ ಸಿಗುತ್ತೆ ಅಂತ ನಂಬಿ ಕೂರಬೇಡಿ. ಮತ್ತೆ ಪದಗಳು ಗಡಿ ದಾಟುತ್ತವೆ. ಗಾಯಕಿ ಕರೋಲ್ ಜಿ ಕೊಲಂಬಿಯಾದ ಮೆಡೆಯಿನ್‌ನವರು. ಅವರ 2020ರ 'ಬಿಚೋಟಾ' ಹಾಡಿನ ಶೀರ್ಷಿಕೆ ಮಾತ್ರ ಪೋರ್ಟೊ ರಿಕೊದ 'ಬಿಚೋಟೆ'ಯಿಂದ ಬಂದದ್ದು. ಬಿಚೋಟೆ ಅಂದರೆ ಡ್ರಗ್ಸ್ ದಂಧೆಯ ದೊಡ್ಡ ಕುಳ. ಹಾಡಿನಲ್ಲಿ ಅದು ತನ್ನ ಬಲದ ಮೇಲೆ ನಿಂತ ಹೆಣ್ಣು. ಹಾಡುವವರ ಊರು ನೋಡಿ ದೇಶದ ಗುರುತು ಆರಿಸಿದ್ದರೆ ಇಲ್ಲಿ ದಾರಿ ತಪ್ಪುತ್ತಿತ್ತು. ಪದ ಯಾವ ಊರಿನದು ಅನ್ನುವುದನ್ನೂ ನೋಡಬೇಕು.

ಮೂರನೆಯದು ಹಾಡುಗಳ ಸಾಹಿತ್ಯ ಸಿಗುವ ಜೀನಿಯಸ್ ಸೈಟಿನಲ್ಲಿ ಸಾಲಿನ ಮೇಲೆ ಒತ್ತಿದರೆ ಬರುವ ಅಭಿಮಾನಿಗಳ ಟಿಪ್ಪಣಿ. ಹೊಸ ಹಾಡಿಗೆ ಇದೇ ಬೇಗ ಸಿಗುವುದು. ಯಾವ ಹಳೇ ಜಗಳ, ಯಾವ ಬ್ರ್ಯಾಂಡ್, ಯಾವ ಏರಿಯಾ ಅನ್ನುವುದನ್ನು ನಿಘಂಟು ಹೇಳೋದಿಲ್ಲ, ಇದು ಹೇಳುತ್ತೆ. ಆದರೆ ಅಭಿಮಾನಿಗಳಿಗೆ ಪ್ರತಿ ಸಾಲಿನಲ್ಲೂ ಗೂಢಾರ್ಥ ಕಾಣುತ್ತದೆ. ನಾನು ಒಂದು ತಾಳೆ ನೋಡುತ್ತೇನೆ: ಟಿಪ್ಪಣಿ ಕೊಟ್ಟ ಅರ್ಥವನ್ನು ಬೇರೆ ಗಾಯಕರ ಹಾಡಿನ ಅದೇ ಪದಕ್ಕೆ ಹಚ್ಚುವುದು. ಅಲ್ಲೂ ಕೂತರೆ ಸರಿ. ಒಂದೇ ಹಾಡಿಗೆ ಮಾತ್ರ ಕೂತರೆ ಅದು ಬರೆದವರ ಊಹೆ ಇರಬಹುದು.

ಕೊನೆಯದು ಆ ಊರಿನವರನ್ನೇ ಕೇಳುವುದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು, ಆದರೆ ಕೇಳುವ ರೀತಿ ಸರಿ ಇರಬೇಕು. 'ಇದರ ಅರ್ಥ ಏನು?' ಅಂದರೆ ಅವರೂ ಸುಮ್ನೆ ಒಂದು ಪದ ಕೊಟ್ಟು ಮುಗಿಸುತ್ತಾರೆ. ಬದಲಿಗೆ ಹೀಗೆ ಕೇಳಿ: ಇದನ್ನು ಯಾರು ಯಾರಿಗೆ ಹೇಳುತ್ತಾರೆ? ನಿಮ್ಮ ಅಮ್ಮನ ಮುಂದೆ ಹೇಳ್ತೀರಾ? ಕೇಳಿದವನಿಗೆ ಸಿಟ್ಟು ಬರುತ್ತಾ, ನಗು ಬರುತ್ತಾ? 'ಕಾಬ್ರೋನ್' ಅನ್ನೋ ಬೈಗುಳದ ವಿಷಯದಲ್ಲಿ ಈ ಪ್ರಶ್ನೆಗಳು ಬಹಳ ಕೆಲಸ ಮಾಡುತ್ತವೆ. ಅದೇ ಪದ ಪೋರ್ಟೊ ರಿಕೊದಲ್ಲಿ 'ಸಖತ್ತಾಗಿದೆ' ಅನ್ನೋಕೂ ಬರುತ್ತದೆ. ಮ್ಯಾಡ್ರಿಡ್‌ನ ಟೀಚರ್ ಎಷ್ಟೇ ಜಾಣರಾದರೂ ಇಲ್ಲಿ ಅವರೂ ನಮ್ಮ ಹಾಗೇ ಹೊರಗಿನವರು. ಪೋರ್ಟೊ ರಿಕೊದವರೇ ಆದರೂ ಐವತ್ತು ದಾಟಿದವರಿಗೆ ಈಗಿನ ಹುಡುಗರ ಮಾತು ಪೂರ್ತಿ ಗೊತ್ತಿರಬೇಕಿಲ್ಲ.

ಎಲ್ಲ ಸೇರಿ ನಮ್ಮ ಸಾಲು ಹೀಗಾಯಿತು. 'ಕೊರಿಯೊ' ಅಂದರೆ ಜೊತೆಗಿರುವ ಗ್ಯಾಂಗು, 'ಆಕ್ತಿವಾವ್' ಅಂದರೆ ಏನು ಬಂದರೂ ತಯಾರು. ಕನ್ನಡದಲ್ಲಿ: «ಜಾಸ್ತಿ ಬಿಲ್ಡಪ್ ಕೊಡಬೇಡ, ನಿನ್ ಹತ್ರ ಏನೂ ಇಲ್ಲ. ಇಲ್ಲಿ ನಮ್ ಹುಡುಗ್ರೆಲ್ಲಾ ರೆಡಿ ಇದಾರೆ.» 'ಬಡಾಯಿ ಕೊಚ್ಚಬೇಡ' ಅಂತಲೂ ಬರೆಯಬಹುದಿತ್ತು, ಅರ್ಥ ತಪ್ಪಲ್ಲ. ಆದರೆ ಜಗಳಕ್ಕೆ ನಿಂತ ಹುಡುಗ ಹಾಗೆ ಮಾತಾಡುವುದಿಲ್ಲ.

ಹತ್ತಿರ ಊರಿನವರು ಯಾರೂ ಇಲ್ಲದಿದ್ದರೆ ನಾನು ಪದ ರಿಪೇರಿ ಮಾಡಿ ಅಮೆರಿಕಾನಿಸ್ಮೋಸ್ ನೋಡುತ್ತೇನೆ, ಸಿಗದಿದ್ದರೆ ಅಕಾಡೆಮಿಯದ್ದು, ಆಮೇಲೆ ಜೀನಿಯಸ್. ಆ್ಯಪ್ ತೆರೆಯುವುದು ವ್ಯಾಕರಣ ಸಿಕ್ಕಾಕಿಕೊಂಡಾಗ ಮಾತ್ರ.