ಉದ್ದ ರೇಟ್ ಪಟ್ಟಿ, ಎರಡು ಕಾಂಬೊ, ಮೂರು ಕಾಂಬೊ: ಪಾರ್ಲರ್‌ನಲ್ಲಿ ಎಲ್ಲವನ್ನೂ ಇಟ್ಟು ನೋಡಿದ ಮೇಲೆ

ಹಾಸನದಲ್ಲಿ ನನ್ನದೊಂದು ಎರಡು ಕುರ್ಚಿಯ ಲೇಡೀಸ್ ಪಾರ್ಲರ್ ಇದೆ. ನಾನು, ಜೊತೆಗೊಬ್ಬ ಹುಡುಗಿ, ಇಷ್ಟೇ ಜನ. ಇಂಥ ಪಾರ್ಲರ್‌ನಲ್ಲಿ ನಾವು ನಿಜವಾಗಿ ಮಾರುವುದು ಕುರ್ಚಿಯ ಹೊತ್ತನ್ನು. ಕ್ರೀಮು, ವ್ಯಾಕ್ಸು ಇನ್ನಷ್ಟು ತರಿಸಬಹುದು, ಸಂಜೆ ನಾಲ್ಕರಿಂದ ಏಳರವರೆಗಿನ ಹೊತ್ತನ್ನು ತರಿಸಲಾಗುವುದಿಲ್ಲ. ಹಾಗಾಗಿ ಬಂದವರು ಯಾವ ಸರ್ವಿಸ್ ಆರಿಸುತ್ತಾರೆ ಅನ್ನುವುದು ನನಗೆ ಬಾಡಿಗೆಯಷ್ಟೇ ಮುಖ್ಯ. ರೇಟ್ ಕಾರ್ಡನ್ನು ನಾಲ್ಕು ಥರ ಮಾಡಿ ಇಟ್ಟು ನೋಡಿದ್ದೇನೆ. ಸರ್ವಿಸ್ ಎಲ್ಲದರಲ್ಲೂ ಅವೇ, ಕಾರ್ಡ್ ಮಾತ್ರ ಬೇರೆ.

ಮೊದಲನೆಯದು ಎಲ್ಲ ಪಾರ್ಲರ್‌ಗಳಲ್ಲೂ ಗೋಡೆಗೆ ಅಂಟಿಸಿರುವ ಉದ್ದ ಪಟ್ಟಿ. ಐಬ್ರೋ 50, ಅಪ್ಪರ್ ಲಿಪ್ 30, ಕ್ಲೀನಪ್ 400, ಡಿ-ಟ್ಯಾನ್ 350, ಪೂರ್ತಿ ಕೈ ವ್ಯಾಕ್ಸಿಂಗ್ 250, ಅರ್ಧ ಕಾಲು 250, ಪೆಡಿಕ್ಯೂರ್ 450, ಫೇಶಿಯಲ್ 800, ಹೀಗೇ ಮೂವತ್ತರ ತನಕ ಸಾಲುಗಳು. ಪ್ರಾಮಾಣಿಕ ಪಟ್ಟಿಯೇ, ಆದರೆ ಓದುವವರು ಬೆರಳಿಟ್ಟು ಕೆಳಗೆ ಹೋಗುತ್ತಾ ಮನಸ್ಸಿನಲ್ಲೇ ಕೂಡುತ್ತಾರೆ. ಮೊತ್ತ ಐನೂರು ದಾಟುತ್ತಿದ್ದಂತೆ ಕೂಡುವುದನ್ನು ನಿಲ್ಲಿಸಿ, "ಐಬ್ರೋ ಮಾತ್ರ ಮಾಡಿ ಅಕ್ಕ" ಅಂತಾರೆ. ಮುಖಕ್ಕೆ ಏನಾದರೂ ಮಾಡಿಸಿಕೊಳ್ಳಬೇಕು ಅಂತ ಮನೆಯಿಂದಲೇ ಅಂದುಕೊಂಡು ಬಂದವರು ಕೂಡ.

ಎರಡನೆಯದು ಎರಡು ಕಾಂಬೊ. 450ಕ್ಕೆ ಐಬ್ರೋ, ಅಪ್ಪರ್ ಲಿಪ್, ಕ್ಲೀನಪ್. 900ಕ್ಕೆ ಇವೆಲ್ಲದರ ಜೊತೆ ಡಿ-ಟ್ಯಾನ್ ಮತ್ತು ಕೈ ವ್ಯಾಕ್ಸಿಂಗ್. ಪಟ್ಟಿಗಿಂತ ಇದು ವಾಸಿ, ಕೂಡುವ ಕೆಲಸ ತಪ್ಪಿತು. ಆದರೆ ಎರಡೇ ಇದ್ದಾಗ ಒಂದು ಕಡಿಮೆ ರೇಟಿನದು, ಇನ್ನೊಂದು ದುಬಾರಿಯದು ಎಂದು ಅವಕ್ಕೆ ತಾನಾಗಿಯೇ ಹಣೆಪಟ್ಟಿ ಬೀಳುತ್ತದೆ. 900ರದ್ದು ಜಾಸ್ತಿ ಅನ್ನಿಸಲು ಪಕ್ಕದಲ್ಲಿ 450 ಇರುವುದೇ ಸಾಕು. ಚೌಕಾಸಿಯೂ ಇದರಲ್ಲೇ ಹೆಚ್ಚು: "ಏಳುನೂರಕ್ಕೆ ಮಾಡಿಕೊಡಿ ಮೇಡಂ."

ಇದು ನಮ್ಮೂರಿನ ಗಿರಾಕಿಗಳ ಸ್ವಭಾವ ಮಾತ್ರವಲ್ಲ. 1992ರಲ್ಲಿ ಇಟಾಮಾರ್ ಸೈಮನ್‌ಸನ್ ಮತ್ತು ಏಮಸ್ ಟ್ವೆರ್ಸ್‌ಕಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರ ಮುಂದೆ ಸುಮಾರು 170 ಮತ್ತು 240 ಡಾಲರ್‌ನ ಎರಡು ಮಿನೋಲ್ಟಾ ಕ್ಯಾಮೆರಾಗಳನ್ನು ಇಟ್ಟಾಗ ಅರ್ಧ ಜನ ಇದನ್ನು, ಅರ್ಧ ಜನ ಅದನ್ನು ಆರಿಸಿದರು. 470 ಡಾಲರ್‌ನ ಮೂರನೆಯದನ್ನೂ ಪಕ್ಕದಲ್ಲಿಟ್ಟಾಗ ನಡುವಿನದನ್ನು ಆರಿಸಿದವರು ಶೇಕಡ 57 ಆದರು, ಉಳಿದವರು ಎರಡೂ ತುದಿಗಳಿಗೆ ಹೆಚ್ಚುಕಮ್ಮಿ ಸಮನಾಗಿ ಹಂಚಿಹೋದರು. 240ರ ಕ್ಯಾಮೆರಾ ಒಂದಿಷ್ಟೂ ಬದಲಾಗಿರಲಿಲ್ಲ, ಅದು ನಿಂತ ಜಾಗ ಬದಲಾಗಿತ್ತು.

ಆದರೆ ಮೂರು ಇಟ್ಟರೆ ಸಾಕು ಅನ್ನುವ ಹಾಗಿಲ್ಲ. ಮೂರನೆಯ ಸಲ ನಾನು ಇಟ್ಟದ್ದೂ ಮೂರೇ: 450ಕ್ಕೆ ಮುಖದ್ದು, 900ಕ್ಕೆ ಕೂದಲಿನದು (ಕಟಿಂಗ್, ಹೇರ್ ಸ್ಪಾ), 1200ಕ್ಕೆ ಕೈಕಾಲಿನದು. ಇಲ್ಲಿ ನಡುವಿನ ಬೆಲೆ ಇದೆ, ನಡುವಿನ ಆಯ್ಕೆ ಇಲ್ಲ. ಮುಖಕ್ಕೆ ಬಂದವರು ಕೂದಲಿನ ಕಾಂಬೊವನ್ನು ನೋಡುವುದೇ ಇಲ್ಲ. ಅವರ ಕಣ್ಣಿಗೆ ಬೀಳುವುದು ಒಂದೇ ಕಾಂಬೊ, ಅದು ಬೇಕೋ ಬೇಡವೋ ಅನ್ನುವ ಪ್ರಶ್ನೆ ಮಾತ್ರ. "ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?" ಎಂದು ಮತ್ತೆಮತ್ತೆ ಕೇಳುತ್ತಿದ್ದಾರೆ ಅಂದರೆ ಕಾರ್ಡ್‌ನಲ್ಲಿ ಇದೇ ದೋಷ ಇದೆ ಅಂತ ತಿಳಿಯಬಹುದು.

ಈಗ ಇರುವುದು ನಾಲ್ಕನೆಯದು, ಒಂದರೊಳಗೊಂದು ಕೂರುವ ಮೂರು ಕಾಂಬೊ. ಕಾರ್ಡ್‌ನಲ್ಲಿ ಬರೆದಿರುವುದು ಇಷ್ಟು:

ಮುಖ: 450. ಐಬ್ರೋ, ಅಪ್ಪರ್ ಲಿಪ್, ಕ್ಲೀನಪ್. ಮುಕ್ಕಾಲು ಗಂಟೆ.
ಮುಖ + ಕೈ: 900. ಮೇಲಿನದೆಲ್ಲ, ಜೊತೆಗೆ ಡಿ-ಟ್ಯಾನ್, ಪೂರ್ತಿ ಕೈ ವ್ಯಾಕ್ಸಿಂಗ್. ಒಂದು ಗಂಟೆ ಇಪ್ಪತ್ತು ನಿಮಿಷ.
ಮುಖ + ಕೈ + ಕಾಲು: 1800. ಮೇಲಿನದೆಲ್ಲ, ಕ್ಲೀನಪ್ ಬದಲು ಫೇಶಿಯಲ್, ಜೊತೆಗೆ ಅರ್ಧ ಕಾಲು ವ್ಯಾಕ್ಸಿಂಗ್, ಪೆಡಿಕ್ಯೂರ್. ಸುಮಾರು ಮೂರು ಗಂಟೆ.

ಹೆಸರಿನ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಸಿಲ್ವರ್, ಗೋಲ್ಡ್, ಡೈಮಂಡ್ ಅಂತ ಇಟ್ಟಿದ್ದಾಗ ಪ್ರತಿಯೊಬ್ಬರಿಗೂ ಬಿಡಿಸಿ ಹೇಳಬೇಕಾಗಿತ್ತು. ಸಿಲ್ವರ್ ಕೇಳುವುದಕ್ಕೆ ಕೆಲವರಿಗೆ ಸಂಕೋಚ, ಗೋಲ್ಡ್ ಕೇಳುವುದಕ್ಕೆ ಇನ್ನು ಕೆಲವರಿಗೆ. ಮುಖ, ಕೈ, ಕಾಲು ಅಂದಾಗ ಒಂದೊಂದು ಮೆಟ್ಟಿಲಿಗೆ ಏನು ಸೇರುತ್ತದೆ ಅಂತ ಹೆಸರೇ ಹೇಳಿಬಿಡುತ್ತದೆ. ಫೋನ್ ಮಾಡುವವರೂ "ಮುಖ ಕೈ ಎರಡೂ ಮಾಡಿಸಬೇಕು, ಐದು ಗಂಟೆಗೆ ಬರಲಾ?" ಅಂತಲೇ ಕೇಳುತ್ತಾರೆ.

ಬೆಲೆಯನ್ನು ಹೀಗೇ ಯಾಕೆ ಇಟ್ಟೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಹೆಚ್ಚಿನ ಕಾಂಬೊಗಳು ಕೆಡುವುದು ಇಲ್ಲೇ. ನಡುವಿನದನ್ನು ಬಿಡಿಬಿಡಿಯಾಗಿ ಮಾಡಿಸಿದರೆ 1080 ಆಗುತ್ತದೆ. ಸಾಮಾನಿನ ಖರ್ಚು ಸುಮಾರು 190, ಕೈಗೆ ಉಳಿಯುವುದು 710. ಕೆಲಸಕ್ಕೆ 80 ನಿಮಿಷ, ಕುರ್ಚಿ ಒರೆಸಿ ಟವೆಲ್ ಬದಲಿಸಲು 10 ನಿಮಿಷ. ಗಂಟೆಗೆ ಲೆಕ್ಕ ಹಾಕಿದರೆ ಸುಮಾರು 473 ರೂಪಾಯಿ. ಇದೇ ರೀತಿ ಕೆಳಗಿನ ಕಾಂಬೊದಲ್ಲಿ 450ರಲ್ಲಿ ಖರ್ಚು 70 ಕಳೆದರೆ ಗಂಟೆಗೆ 415ರ ಹತ್ತಿರ. ಮೇಲಿನದರಲ್ಲಿ ಬಿಡಿ ಮೊತ್ತ 2180, ಖರ್ಚು 430, ಹಿಡಿಯುವ ಹೊತ್ತು ಒರೆಸುವುದೂ ಸೇರಿ 185 ನಿಮಿಷ, ಗಂಟೆಗೆ 444. ಅಂದರೆ ಗಿರಾಕಿ ನಡುವಿನದನ್ನು ಆರಿಸಿದಾಗ ನನ್ನ ಕುರ್ಚಿಗೂ ಅದೇ ಒಳ್ಳೆಯದು. ಈ ಲೆಕ್ಕ ಹಾಕದೆ ನಡುವಿನ ಕಡೆಗೆ ಜನರನ್ನು ತಿರುಗಿಸಿದರೆ, ಇಡೀ ದಿನ ಬೆನ್ನು ನೋಯುವಷ್ಟು ಕೆಲಸ ಮಾಡಿಯೂ ಕೈಯಲ್ಲಿ ಏನೂ ನಿಲ್ಲದೆ ಹೋಗಬಹುದು.

ಮೇಲಿನ ಕಾಂಬೊ ಮೊದಲು 1800ರದ್ದಾಗಿರಲಿಲ್ಲ. ನಡುವಿನದಕ್ಕೆ ಪೆಡಿಕ್ಯೂರ್ ಒಂದನ್ನೇ ಸೇರಿಸಿ 1200ಕ್ಕೆ ಇಟ್ಟು ನೋಡಿದೆ. ಆಗ ಗಿರಾಕಿಗಳು ಮಾಡಿದ ಲೆಕ್ಕ ಸರಿಯಾಗಿಯೇ ಇತ್ತು: ಇನ್ನು ಮುನ್ನೂರು ಕೊಟ್ಟರೆ 450ರ ಪೆಡಿಕ್ಯೂರ್ ಬರುತ್ತದೆ. 900 ಕೊಡಲು ಒಪ್ಪಿದವರಲ್ಲಿ ಬಹಳ ಜನ ಮೇಲಕ್ಕೆ ಹತ್ತಿದರು. ಗಲ್ಲಾ ತುಂಬಿದಂತೆ ಕಂಡರೂ ಆ ಕಾಂಬೊ 135 ನಿಮಿಷ ಹಿಡಿಯುತ್ತಿತ್ತು, ಗಂಟೆಗೆ ಸಿಗುತ್ತಿದ್ದುದು 422. ಸಂಜೆ ಐಬ್ರೋಗೆ ಬಂದವರು ಬೆಂಚಿನ ಮೇಲೆ ಕಾದು ಕಾದು ಎದ್ದು ಹೋಗುತ್ತಿದ್ದರು. ಹಾಗಾಗಿ ಈಗ ನನ್ನ ನಿಯಮ ಇದು: ಕೆಳಗಿನಿಂದ ನಡುವಿಗೆ ಹತ್ತುವ ಅಂತರಕ್ಕಿಂತ ನಡುವಿನಿಂದ ಮೇಲಕ್ಕೆ ಹತ್ತುವ ಅಂತರ ಚೆನ್ನಾಗಿ ದೊಡ್ಡದಿರಬೇಕು. ನನ್ನ ಕಾರ್ಡ್‌ನಲ್ಲಿ ಅದು 450 ಮತ್ತು 900. ರಿಯಾಯಿತಿಯ ಪ್ರಮಾಣ ಎರಡಕ್ಕೂ ಒಂದೇ, ಶೇಕಡ 17ರ ಆಸುಪಾಸು. ಮೇಲಿನದಕ್ಕೆ ಜಾಸ್ತಿ ರಿಯಾಯಿತಿ ಕೊಟ್ಟರೆ ಜಾಣ ಗಿರಾಕಿ ಅಲ್ಲಿಗೇ ಹೋಗುತ್ತಾಳೆ, ಅವಳದೇನೂ ತಪ್ಪಿಲ್ಲ.

ನಡುವಿನ ಮೆಟ್ಟಿಲಿಗೆ ಏನನ್ನು ಸೇರಿಸುತ್ತೇವೆ ಅನ್ನುವುದು ಬೆಲೆಗಿಂತಲೂ ಮುಖ್ಯ. ಮುಖ ಮಾಡಿಸಿಕೊಂಡವರು ಎದ್ದು ಕನ್ನಡಿ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಮುಖದ ಪಕ್ಕದಲ್ಲಿರುವ ಕೈಯ ಬಣ್ಣ. ಅದಕ್ಕೇ ಅಲ್ಲಿ ಕೈ ಇಟ್ಟಿರುವುದು. ಮೊದಲು ಆ ಜಾಗದಲ್ಲಿ ಹೆಡ್ ಮಸಾಜ್ ಇತ್ತು, ಖರ್ಚು ಕಡಿಮೆ ಅಂತ. ಜನ ಅದಕ್ಕೆ ಮೇಲಕ್ಕೆ ಬರಲೇ ಇಲ್ಲ. ಮೇಲಿನ ಮೆಟ್ಟಿಲಲ್ಲಿ ಇರಬೇಕಾದ್ದು ಮಾಡಿಸಿದರೆ ಖುಷಿ, ಬಿಟ್ಟರೆ ಬೇಜಾರಿಲ್ಲ ಅನ್ನುವಂಥದು. ಸೀರೆ ಉಡುವವರಿಗೆ ಕಾಲು ಹಾಗೆಯೇ.

ಒಮ್ಮೆ ಅಕ್ಕನ ಮಗಳ ಸೀಮಂತಕ್ಕೆ ಹೊರಟಿದ್ದ ಒಬ್ಬರು ಕಾರ್ಡ್ ಹಿಡಿದು ಮೊದಲು 1800ರ ಸಾಲನ್ನೇ ಪೂರ್ತಿ ಓದಿದರು. "ಮೂರು ಗಂಟೆ ಕೂರಕ್ಕಾಗಲ್ಲ ಅಕ್ಕ, ಮಗು ಸ್ಕೂಲಿಂದ ಬರುತ್ತೆ" ಎಂದು ಬೆರಳನ್ನು ಒಂದು ಸಾಲು ಮೇಲಕ್ಕೆ ಸರಿಸಿ, "ಕೈಯಂತೂ ಕಾಣುತ್ತೆ, ಇದು ಮಾಡಿಬಿಡಿ" ಅಂದರು. ನಾನು ಬಾಯಿ ತೆರೆದಿರಲಿಲ್ಲ. ಕಾರ್ಡ್‌ನಲ್ಲಿ ಹಿಡಿಯುವ ಹೊತ್ತನ್ನೂ ಬರೆಯಬೇಕು ಅನ್ನುವುದು ನನಗೆ ಖಚಿತವಾದದ್ದು ಇಂಥವರಿಂದ. ದುಡ್ಡಿಲ್ಲ ಅಂತ ಹೇಳುವುದು ಯಾರಿಗೂ ಇಷ್ಟವಿಲ್ಲ, ಹೊತ್ತಿಲ್ಲ ಅಂತ ಎಲ್ಲರೂ ಹೇಳಬಲ್ಲರು.

ಮೇಲಿನ ಕಾಂಬೊ ಬರೀ ತೋರಿಕೆಗೆ ಇರಬಾರದು. ಯಾರಾದರೂ ಕೇಳಿದರೆ ಮಾಡಿಕೊಡುವ ಶಕ್ತಿ, ಸಾಮಾನು, ಹೊತ್ತು ಇರಬೇಕು. ವರಮಹಾಲಕ್ಷ್ಮಿ, ದೀಪಾವಳಿಯ ಹಿಂದಿನ ವಾರ ಅದನ್ನು ಬೆಳಿಗ್ಗೆಯ ಅಪಾಯಿಂಟ್‌ಮೆಂಟ್‌ಗೆ ಮಾತ್ರ ಇಡುತ್ತೇನೆ. 'ಹೆಚ್ಚು ಜನ ಆರಿಸುವುದು' ಎಂಬ ಸ್ಟಿಕ್ಕರನ್ನೂ ನಡುವಿನದಕ್ಕೆ ಮೊದಲೇ ಅಂಟಿಸಲಿಲ್ಲ. ನೋಟ್‌ಬುಕ್‌ನಲ್ಲಿ ಅದು ನಿಜವಾದ ಮೇಲೆಯೇ ಅಂಟಿಸಿದ್ದು.

ಕಾಂಬೊಗೆ ಚರ್ಮದ ಮಿತಿಯೂ ಇದೆ. ಐಬ್ರೋ ತೆಗೆದ ತಕ್ಷಣ ಅದೇ ಜಾಗಕ್ಕೆ ಡಿ-ಟ್ಯಾನ್ ತಾಗಿದರೆ ಉರಿಯುತ್ತದೆ, ಆದ್ದರಿಂದ ನಾನು ಕೈ ವ್ಯಾಕ್ಸಿಂಗ್, ಕ್ಲೀನಪ್, ಡಿ-ಟ್ಯಾನ್ ಮುಗಿಸಿ ಥ್ರೆಡಿಂಗ್ ಅನ್ನು ಕೊನೆಗೆ ಇಡುತ್ತೇನೆ. ವ್ಯಾಕ್ಸ್ ಮಾಡಿದ ಕೈಗೆ ಅದೇ ದಿನ ಬ್ಲೀಚ್ ಹಾಕುವ ಕಾಂಬೊ ಎಷ್ಟು ಚೆನ್ನಾಗಿ ಮಾರಾಟವಾದರೂ ಇಡಬಾರದು. ಡಾಕ್ಟರ್ ಕೊಟ್ಟ ರೆಟಿನಾಯ್ಡ್ ಕ್ರೀಮ್ ಹಚ್ಚುತ್ತಿರುವವರಿಗೆ ಮುಖದ ಕಾಂಬೊ ಬೇಡ ಎಂದೇ ಹೇಳುತ್ತೇನೆ.

ಇನ್ನು "ಅಪ್ಪರ್ ಲಿಪ್ ಬೇಡ, ಐವತ್ತು ಕಡಿಮೆ ಮಾಡಿ" ಅನ್ನುವವರು. ತೆಗೆದು ಬೆಲೆ ಇಳಿಸುವುದಕ್ಕೆ ಒಪ್ಪಿದರೆ ವಾರದೊಳಗೆ ಕಾಂಬೊ ಮತ್ತೆ ಉದ್ದ ಪಟ್ಟಿಯಾಗುತ್ತದೆ. ನಾನು ಬದಲಿ ಕೊಡುತ್ತೇನೆ, ಕಡಿತ ಕೊಡುವುದಿಲ್ಲ: ಅಪ್ಪರ್ ಲಿಪ್ ಬದಲು ಗಲ್ಲದ ಥ್ರೆಡಿಂಗ್, ಪೂರ್ತಿ ಕೈ ಬದಲು ಅರ್ಧ ಕಾಲು, ಎರಡರ ರೇಟೂ ಒಂದೇ ಆದ್ದರಿಂದ. ಬಿಡಿಬಿಡಿಯಾಗಿ ಬೇಕಾದವರಿಗೆ ಹಳೆಯ ಪಟ್ಟಿ ಕಾರ್ಡ್‌ನ ಹಿಂಬದಿಯಲ್ಲಿದೆ, ಐವತ್ತು ರೂಪಾಯಿಯ ಐಬ್ರೋಗೆ ಬಂದವರಿಗೆ ಕಾಂಬೊ ಹೇಳುವುದಿಲ್ಲ. ಮದುಮಗಳ ಮೇಕಪ್ಪಿಗೆ ಈ ವಿಧಾನ ನಡೆಯುವುದಿಲ್ಲ. ಅಲ್ಲಿ ತೀರ್ಮಾನ ಮನೆಯಲ್ಲಿ ಅಮ್ಮ, ಅತ್ತೆ, ಅತ್ತಿಗೆ ಸೇರಿ ಮಾಡಿರುತ್ತಾರೆ, ಬಂದವರು ನೋಡುವುದು ಹಿಂದಿನ ಫೋಟೊಗಳನ್ನು.

ನೋಟ್‌ಬುಕ್‌ನಲ್ಲಿ ಮೂರು ಕಂಬ ಎಳೆದು ಗೀಟು ಹಾಕುತ್ತೇನೆ. ಕೆಳಗಿನದರಲ್ಲೇ ಗೀಟು ತುಂಬಿದರೆ ನಡುವಿಗೆ ಸೇರಿಸಿದ ಸರ್ವಿಸ್ ಜನಕ್ಕೆ ಬೇಕಿಲ್ಲ ಎಂದರ್ಥ, ಬೆಲೆ ಇಳಿಸುವ ಮೊದಲು ಅದನ್ನು ಬದಲಿಸಿ ನೋಡಬೇಕು. ಮೇಲಿನದರಲ್ಲಿ ತುಂಬಿದರೆ ಅಂತರ ಕಡಿಮೆಯಾಗಿದೆ. ಕಾಂಬೊ ಬಿಟ್ಟು ಹಿಂಬದಿಯ ಪಟ್ಟಿಯಿಂದ ಒಂದೇ ಜೋಡಿಯನ್ನು ಹಲವರು ಕೇಳತೊಡಗಿದರೆ, ಮುಂದಿನ ಸಲ ಕಾರ್ಡ್ ಮುದ್ರಿಸುವಾಗ ನಡುವಿನ ಸಾಲಿಗೆ ಬರಬೇಕಾದ್ದು ಆ ಜೋಡಿ.