ಸ್ಟೇಬಲ್ ಡಿಫ್ಯೂಷನ್ + ಕ್ರಿಟಾ: ಭಂಗಿಗೆ ಸೈ, ಮುಂದಲೆಗೆ ಅಲ್ಲ

ಡೊಂಬಿವಲಿಯಲ್ಲಿ ನಮ್ಮ ಮಕ್ಕಳ ಕನ್ನಡ ತರಗತಿಗೆ ಯಕ್ಷಗಾನದ ಪುಟ್ಟ ಆನಿಮೇಷನ್‌ಗಳನ್ನು ಮಾಡಿಕೊಡುತ್ತೇನೆ. ಕೀಫ್ರೇಮ್, ಅಂದರೆ ಮುಖ್ಯ ಭಂಗಿಗಳ ಚಿತ್ರ ತೆಗೆಯಲು ಮಾತಿನಿಂದ ಚಿತ್ರ ಹುಟ್ಟಿಸುವ ಎಐ ಸ್ಟೇಬಲ್ ಡಿಫ್ಯೂಷನ್ 1.5 ಮತ್ತು ಅದಕ್ಕೆ ಭಂಗಿ ತಿಳಿಸುವ ಕಂಟ್ರೋಲ್‌ನೆಟ್, ತಿದ್ದಲು ಚಿತ್ರ ಬರೆಯುವ ತಂತ್ರಾಂಶ ಕ್ರಿಟಾ. ಇವನ್ನು ಬಳಸಲು ಶುರುಮಾಡಿ ವರ್ಷ ದಾಟಿತು. ತಂತ್ರಾಂಶಕ್ಕೆ ದುಡ್ಡಿಲ್ಲ, ದುಡ್ಡು ಬೀಳುವುದು ಗ್ರಾಫಿಕ್ಸ್ ಕಾರ್ಡಿಗೆ.

ಒಂದು ಶಾಟ್ ಹೇಳುತ್ತೇನೆ. ಬಡಗುತಿಟ್ಟಿನ ವೇಷ ಪಕ್ಕದಿಂದ ಎದುರಿಗೆ ತಿರುಗಿ ಕೈ ಎತ್ತಬೇಕು, 3 ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್ ಹಿಡಿದು, ಪ್ರತಿ ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ 36 ಚಿತ್ರ ಬೇಕು. ಯಂತ್ರದಿಂದ ತೆಗೆಸುವುದು ಅದರಲ್ಲಿ 5 ಮಾತ್ರ. ಭಂಗಿಯನ್ನು ನಾನೇ ಒರಟಾಗಿ ಗೀಚಿ ಕಂಟ್ರೋಲ್‌ನೆಟ್‌ಗೆ ಕೊಡುತ್ತೇನೆ. ಮೈಯ ತೂಕ, ಮೊಣಕೈ ಬಾಗು, ಸೀರೆಯ ನೆರಿಗೆ ಇವೆಲ್ಲ ಚೆನ್ನಾಗಿಯೇ ಬರುತ್ತವೆ.

ಕೆಡುವುದು ಕೇದಗೆ ಮುಂದಲೆ, ಅಂದರೆ ವೇಷದ ತಲೆಯುಡುಗೆ. ಮೊದಲನೆಯದಾಗಿ ಅದೇನೆಂದೇ ಯಂತ್ರಕ್ಕೆ ಗೊತ್ತಿಲ್ಲ, ಬಿಟ್ಟರೆ ಕಥಕ್ಕಳಿಯ ಕಿರೀಟ ಇಟ್ಟುಬಿಡುತ್ತದೆ. ಮಾದರಿ ಚಿತ್ರ ತೋರಿಸಿ ಆಕಾರ ಸರಿಮಾಡಿಸಿದರೂ ಜರಿಪಟ್ಟಿ ಒಂದರಲ್ಲಿ ಐದು, ಇನ್ನೊಂದರಲ್ಲಿ ಏಳು. ಸೀಡ್, ಅಂದರೆ ಚಿತ್ರ ಶುರುಮಾಡಲು ಕೊಡುವ ಸಂಖ್ಯೆ, ಒಂದೇ ಇಟ್ಟರೆ ಸಾಕು ಅನ್ನುವವರಿದ್ದಾರೆ, ಸಾಲದು. ಸೀಡ್ ಸ್ಥಿರಗೊಳಿಸುವುದು ಚಿತ್ರ ಹುಟ್ಟುವ ಆರಂಭದ ಚುಕ್ಕೆಗಳ ಗದ್ದಲವನ್ನಷ್ಟೇ. ಭಂಗಿ ಬದಲಾದರೆ ಚಿತ್ರವೂ ಬೇರೆಯೇ. ಮೇಲಾಗಿ 512 ಪಿಕ್ಸೆಲ್ ಅಗಲದ ಚಿತ್ರ ಒಳಗೆ 64 ಚೌಕಗಳ ಅಗಲಕ್ಕೆ ಕುಗ್ಗಿರುತ್ತದೆ. ಸಣ್ಣ ಪಟ್ಟಿ ಅಲ್ಲಿ ಒಂದು ಚೌಕಕ್ಕಿಂತಲೂ ತೆಳು, ಹಾಗಾಗಿ ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ.

ಆದ್ದರಿಂದ ಈಗ ಮುಂದಲೆಯನ್ನು ಬರಿಯ ಕಪ್ಪು ಆಕಾರವಾಗಿಯೇ ತೆಗೆಸುತ್ತೇನೆ. ಐದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದನ್ನು ಆರಿಸಿ, ಅದರ ಮೇಲೆ ಪಟ್ಟಿಗಳನ್ನು ಬೇರೆ ಲೇಯರಿನಲ್ಲಿ ಕೈಯಿಂದ ಬರೆದು, ಉಳಿದ ಫ್ರೇಮ್‌ಗಳಿಗೆ ಅದನ್ನೇ ನಕಲಿಸಿ ತಲೆ ತಿರುಗಿದಷ್ಟು ಬಾಗಿಸುತ್ತೇನೆ. ಮೈಗೆ ಯಂತ್ರದ ಚಿತ್ರವನ್ನು ಮಸುಕು ಮಾಡಿ, ಹಿಂದುಮುಂದಿನ ಚಿತ್ರ ತೆಳುವಾಗಿ ಕಾಣುವ ಆನಿಯನ್ ಸ್ಕಿನ್ ಹಾಕಿಕೊಂಡು ಹೊಸ ಗೆರೆ ಎಳೆಯುತ್ತೇನೆ. ಯಂತ್ರ ಕೊಟ್ಟ ನೆರಳನ್ನು ಒಂದೂ ಉಳಿಸಬೇಡಿ. ಬೆಳಕು ಫ್ರೇಮಿನಿಂದ ಫ್ರೇಮಿಗೆ ಜಾಗ ಬದಲಿಸುವುದರಿಂದಲೇ ಚಿತ್ರ ಮಿಣುಕುತ್ತದೆ. ಎಂಟು ಹತ್ತು ಚಪ್ಪಟೆ ಬಣ್ಣ ಗೊತ್ತುಮಾಡಿಕೊಂಡು ತುಂಬಿದರೆ ಅದು ನಿಲ್ಲುತ್ತದೆ.

ಬಣ್ಣ ತುಂಬುವ ಮುಂಚೆ ಐದನ್ನೂ ಇಡಿಯಾಗಿ ಕಪ್ಪು ಬಳಿದು ಒಂದರ ಹಿಂದೊಂದು ತಿರುಗಿಸಿ ನೋಡಿ. ತಲೆ ದಪ್ಪಗಾಗಿ ಸಣ್ಣಗಾಗಿ ಉಸಿರಾಡಿದಂತೆ ಕಂಡರೆ ಅಳತೆ ತಪ್ಪಿದೆ. ಬಣ್ಣದ ಚಿತ್ರದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ.

ನಡುವಿನ 31 ಚಿತ್ರಗಳಲ್ಲಿ ಮೈ ಮೆಲ್ಲಗೆ ವಾಲುವಂಥವನ್ನು ತಾನೇ ತುಂಬುವ ತಂತ್ರಾಂಶಕ್ಕೆ ಬಿಡಬಹುದು. ಕೈ ಮುಖದ ಮುಂದೆ ಹಾದುಹೋಗುವ ಕಡೆ ಬೇಡ, ಬೆರಳು ಕರಗಿ ಕೆನ್ನೆಗೆ ಅಂಟುತ್ತದೆ. ಅಷ್ಟನ್ನು ಕೈಯಿಂದಲೇ ಬರೆಯಬೇಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಗೆರೆ ಎಳೆಯಲು ಬಾರದವರಿಗಾದರೆ ಎರಡೇ. ದಿಗಿಣದ ಶಾಟ್‌ಗಳಿಗೆ ನಾನು ಇದನ್ನು ಬಳಸುವುದಿಲ್ಲ, ಗಿರಕಿ ಹೊಡೆಯುವ ಆ ವೇಗದ ಕುಣಿತಕ್ಕೆ ಶುರುವಿನಿಂದಲೇ ಪೆನ್ಸಿಲ್ ಹಿಡಿದರೆ ಬೇಗ ಮುಗಿಯುತ್ತದೆ.